ಮೊಮ್ಮಗಳ ಮೊದಲ ಮೀಟಿಂಗು, ಕೆಂಪು ಬುಟ್ಟಿ

ನನ್ನ ಮೊಮ್ಮಗಳು ಲೀಡರ್ ಆದಳು. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಇದನ್ನು ಬರೆದುಬಿಡುತ್ತೇನೆ. ಸಂಶಿ ರಸ್ತೆಗೆ ಇರುವ ಬೇಳೆ ಮಿಲ್ಲಿನ ಪ್ಯಾಕಿಂಗ್ ಹಾಲಿನಲ್ಲಿ ಮುಂಜಾನೆ ಪಾಳಿಗೆ ಅವಳೇ ಲೀಡರ್. ಹದಿನಾಲ್ಕು ಮಂದಿ ಹೆಣ್ಣುಮಕ್ಕಳು ಅವಳ ಮಾತು ಕೇಳಿ ಕೆಲಸ ಹಿಡಿಯಬೇಕು. ಆ ಹದಿನಾಲ್ಕರಲ್ಲಿ ನಾನೂ ಒಬ್ಬಳು. ಖಾಯಂ ಎಂದು ಮ್ಯಾನೇಜರ್ ಸಾಹೇಬರು ಬಾಯಿಬಿಟ್ಟು ಹೇಳಿದರು, ನಾನು ಎರಡೂ ಕಿವಿಯಿಂದ ಕೇಳಿದೆ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆಯ ತನಕ. ಆಮೇಲೆ ಎಮ್ಮೆ, ಹೊಲ, ಮದುವೆ, ಮಕ್ಕಳು. ನಮ್ಮ ಮನೆತನದಲ್ಲಿ ಯಾವ ಹೆಣ್ಣೂ ನಾಲ್ಕು ಜನರ ಎದುರು ನಿಂತು ಹೀಗೆ ಮಾಡಿರಿ, ಹಾಗೆ ಮಾಡಬೇಡಿರಿ ಎಂದು ಹೇಳಿದ್ದಿಲ್ಲ. ಹೇಳಿದ್ದರೆ ಅಡುಗೆ ಮನೆಯಲ್ಲಿ ಸೊಸೆಗೆ ಹೇಳಿರಬೇಕು, ಅದೂ ಸೊಸೆ ಕೇಳಿದರೆ. ಇಂಥದ್ದರಲ್ಲಿ ನನ್ನ ಮಗನ ಮಗಳು, ಹುಟ್ಟಿದಾಗ ನನ್ನ ಮೊಣಕೈಯಷ್ಟು ಉದ್ದ ಇದ್ದವಳು, ಗೋಡೆಗೆ ತೂಗುಹಾಕಿದ ಬಿಳಿ ಹಲಗೆಯ ಬಾಜು ನಿಂತು ಮೀಟಿಂಗ್ ಮಾಡಿದಳು. ಸಂತೋಷಕ್ಕೆ ನನಗೆ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ.

ಆದರೆ ಬರೆಯುವುದಾದರೆ ಸುಳ್ಳು ಬರೆಯಬಾರದು. ಆವತ್ತು ನನ್ನ ಹೊಟ್ಟೆಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಉರಿ ಇತ್ತು.

ಉರಿಗೆ ಕಾರಣ ನಮ್ಮ ಎದುರುಮನೆಯಾಕೆ. ಆಕೆಗೂ ನನ್ನಷ್ಟೇ ವಯಸ್ಸು. ಏಳನೆಯ ಇಯತ್ತೆ ಪಾಸಾಗಿದ್ದಾಳೆ. ಮಿಲ್ಲಿಗೂ ಇಬ್ಬರೂ ಒಂದೇ ದಿನ ಸೇರಿದವರು. ನನ್ನ ಮೊಮ್ಮಗಳು ಸಣ್ಣವಳಿದ್ದಾಗ ಪಾಟಿ ಹಿಡಿದುಕೊಂಡು ಆಕೆಯ ಕಟ್ಟೆಗೆ ಓಡುತ್ತಿದ್ದಳು. ಅಕ್ಷರ ತಿದ್ದಿಸಿದ್ದು ಆಕೆ, ಮಗ್ಗಿ ಬಾಯಿಪಾಠ ಮಾಡಿಸಿದ್ದು ಆಕೆ. ನಾನು ಎಣ್ಣೆ ಹಚ್ಚಿ ಎರೆದು ಹೆರಳು ಹಾಕಿ ಕಳಿಸುವುದು, ಆಕೆ ಕೂಡಿಸಿಕೊಂಡು ಶಾಣ್ಯಾಳನ್ನಾಗಿ ಮಾಡುವುದು. ಊರಲ್ಲಿ ಯಾರಾದರೂ ನನ್ನ ಮೊಮ್ಮಗಳನ್ನು ಹೊಗಳಿದರೆ ಆಕೆ ಸೆರಗು ಸರಿಮಾಡಿಕೊಂಡು, "ನಮ್ಮ ಕಟ್ಟಿ ಮ್ಯಾಲ ಕಲತಾಕಿರಿ" ಎನ್ನುತ್ತಿದ್ದಳು. ನನ್ನ ಮೊಮ್ಮಗಳು, ಆಕೆಯ ಕಟ್ಟೆ. ಹೆರಳಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಮೊಮ್ಮಗಳಿಗೆ ಮ್ಯಾನೇಜರ್ ಸಾಹೇಬರು ಮೀಟಿಂಗಿನ ಹಿಂದಿನ ದಿನ ಹೇಳಿದ್ದರು. ಹಳೆಯ ಲೀಡರ್ ಬಿಟ್ಟುಹೋಗಿದ್ದಾಳೆ, ನಾಳೆಯ ಪಾಳಿ ನೀನು ನಡೆಸು, ಸರಿಹೋದರೆ ನೀನೇ ಖಾಯಂ, ಇಲ್ಲದಿದ್ದರೆ ಹುಬ್ಬಳ್ಳಿಯಿಂದ ಬೇರೆಯವರನ್ನು ಕರೆಸುತ್ತೇನೆ ಎಂದು. ಒಂದೇ ಒಂದು ಪಾಳಿ. ಆ ರಾತ್ರಿ ಮೊಮ್ಮಗಳು ಊಟ ಮಾಡಿದ್ದು ಅರ್ಧ ರೊಟ್ಟಿ.

ಮುಂಜಾನೆ ಬಾಗಿಲಲ್ಲಿ ಎಲ್ಲರೂ ಬಳೆ, ಪಿನ್ನು, ಓಲೆ ತೆಗೆದು ಡಬ್ಬಿಯಲ್ಲಿ ಇಟ್ಟು, ತಲೆಗೆ ಟೊಪ್ಪಿಗೆ ಹಾಕಿಕೊಂಡು ಒಳಗೆ ಹೋದೆವು. ಹಲಗೆಯ ಮುಂದೆ ಎರಡು ಸಾಲು. ಎದುರುಮನೆಯಾಕೆ ಮುಂದಿನ ಸಾಲಿನ ನಟ್ಟನಡುವೆ ನಿಂತಳು, ಮದುಮಗಳ ತಾಯಿಯ ಹಾಗೆ. ನನಗೆ ಹಿಂದೆ ಜಾಗ ಸಿಕ್ಕಿತು. ಮುಂದೆ ಹೋಗಬಹುದಿತ್ತು, ಆದರೆ ಅಜ್ಜಿಯಾದವಳು ತಾನಾಗಿಯೇ ಮುಂದೆ ಹೋಗಿ ನಿಲ್ಲಬೇಕೇ? ಮೊಮ್ಮಗಳು ಕರೆಯಲಿ ಎಂದು ಕಾದೆ. ಅವಳು ಕರೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

"ಎಲ್ಲಾರಿಗೂ ನಮಸ್ಕಾರ್ರಿ. ಐದ ನಿಮಿಷದ ಮಾತು, ಆಮ್ಯಾಲ ಕೆಲಸ" ಎಂದಳು ಮೊಮ್ಮಗಳು. "ಇವತ್ತ ಮೊದಲನೇ ಕೆಲಸ ಹೆಸರಬ್ಯಾಳಿ, ಒಂದ ಕಿಲೋದ ಪಾಕೀಟು. ಮಧ್ಯಾಹ್ನ ಒಂದಕ್ಕ ಲಾರಿ ಹೊಂಡತೈತಿ. ಅದ ಮುಗಿಯೂ ತನಕ ಕಡ್ಲಿಬ್ಯಾಳಿ ಚೀಲ ಬಿಚ್ಚೂದ ಬ್ಯಾಡ. ಹಸನ ಮಾಡೂ ಮೇಜಿಗೆ ಆರು ಮಂದಿ, ತುಂಬೂದಕ್ಕ ನಾಲ್ಕು, ಪೆಟ್ಟಿಗಿ ಕಟ್ಟೂದಕ್ಕ ಮೂರು. ಇನ್ನೊಂದು, ಭಾಳ ಲಕ್ಷ್ಯ ಕೊಟ್ಟ ಕೇಳ್ರಿ. ಲೋಹ ಹಿಡಿಯೂ ಮಷೀನ್ ತಕರಾರು ಇನ್ನೂ ಹಂಗ ಐತಿ."

ಆ ಮಷೀನ್ ಎಂದರೆ ಬೆಲ್ಟಿನ ಮೇಲೆ ಸಣ್ಣ ಕಮಾನಿನ ಹಾಗೆ ಕುಳಿತಿರುವ ಡಬ್ಬ. ತುಂಬಿ ಅಂಟಿಸಿದ ಪಾಕೀಟುಗಳು ಸಾಲಾಗಿ ಅದರೊಳಗೆ ಹಾದುಹೋಗುತ್ತವೆ. ಬೇಳೆಯಲ್ಲಿ ತಂತಿಯ ಚೂರು, ಮೊಳೆ ಏನಾದರೂ ಇದ್ದರೆ ಗಂಟೆ ಹೊಡೆಯುತ್ತದೆ, ಮುಂದೆ ಇರುವ ಒಂದು ಕಬ್ಬಿಣದ ಕೈ ಆ ಪಾಕೀಟನ್ನು ಪಕ್ಕಕ್ಕೆ ದಬ್ಬುತ್ತದೆ.

ತಕರಾರು ಏನು ಎಂದು ಅವಳು ಹೇಳುವ ಹೊತ್ತಿಗೆ ಎದುರುಮನೆಯಾಕೆ ಹಿಂದೆ ತಿರುಗಿ ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ನೋಡಿದೆಯಾ ನನ್ನ ಶಿಷ್ಯಳನ್ನು ಎಂಬ ಹಾಗೆ. ನನಗೆ ಮೈಯೆಲ್ಲ ಕಾರ ಹಚ್ಚಿದಂತಾಯಿತು. ಆಕೆಯ ಟೊಪ್ಪಿಗೆಯ ಹಿಂದಿನ ಗಂಟನ್ನೇ ನೋಡುತ್ತ ನಿಂತೆ. ಮೊಮ್ಮಗಳ ಮಾತು ಕಿವಿಯ ಮೇಲೆ ಬಿದ್ದು ಹಾಗೇ ಜಾರಿ ಹೋಯಿತು. ಅವಳು ಏನು ಹೇಳಿದಳೆಂಬುದು ನನಗೆ ಸರಿಯಾಗಿ ತಿಳಿದದ್ದು ಎಲ್ಲ ಮುಗಿದ ಮೇಲೆ. ಹೇಳಿದ್ದು ಹೀಗೆ:

"ಮಷೀನ್ ಲೋಹ ಸರಿಯಾಗಿನ ಹಿಡೀತೈತಿ, ಗಂಟಿನೂ ಹೊಡೀತೈತಿ. ಆದ್ರ ಆ ಕೈ ತಡಾ ಮಾಡಿ ಬರತೈತಿ. ಕೆಟ್ಟ ಪಾಕೀಟು ಮುಂದ ದಾಟಿ ಹೋಗಿರತೈತಿ, ಕೈ ಅದರ ಹಿಂದಿನ ಚಲೋ ಪಾಕೀಟು ದಬ್ಬತೈತಿ. ಕೈ ಅಷ್ಟ ಬಂದ್ ಮಾಡಾಕ ಬರೂದಿಲ್ಲ, ಮಷೀನ ಬಂದ್ ಆಗತೈತಿ. ರಿಪೇರಿಯವರು ಸಾಮಾನು ತಗೊಂಡು ನಾಳಿ ಬರತಾರ. ಅಲ್ಲೀ ಮಟ ಗಂಟಿ ಆದ ಕೂಡಲೇ ಕೆಂಪ ಗುಂಡಿ ಒತ್ತಿ ಬೆಲ್ಟ್ ನಿಂದ್ರಸ್ರಿ. ಕೈ ದಬ್ಬಿದ್ದೊಂದು, ಅದರ ಮುಂದಿನವೆರಡು, ಹಿಂದಿನವೆರಡು, ಐದೂ ತಗೊಂಡು ಕೆಂಪ ಬುಟ್ಟ್ಯಾಗ ಇಡ್ರಿ. ನನ್ನ ಕರೀರಿ. ನಾ ನೋಡೂ ತನಕ ಬೆಲ್ಟ್ ಚಾಲೂ ಮಾಡಬ್ಯಾಡ್ರಿ."

ನನಗೆ ಕೇಳಿಸಿದ್ದು ಇದಾದ ಮೇಲಿನ ಮಾತು ಮಾತ್ರ.

"ಕೆಂಪ ಬುಟ್ಟಿ ಜವಾಬ್ದಾರಿ ದೊಡ್ಡಾಯಿಗೆ" ಎಂದಳು ಮೊಮ್ಮಗಳು, ಎದುರುಮನೆಯಾಕೆಯ ಕಡೆ ಕೈ ಮಾಡಿ. ಆಕೆಯನ್ನು ಅವಳು ಮೊದಲಿನಿಂದಲೂ ದೊಡ್ಡಾಯಿ ಎಂದೇ ಕರೆಯುವುದು. ಆಕೆ ದೊಡ್ಡ ಅಜ್ಜಿ, ನಾನು ಬರೀ ಆಯಿ. "ಅವರಿಗೆ ಬರಿಯಾಕೂ ಬರತೈತಿ, ಗಂಟಿ ಆದ ಹೊತ್ತು ಪುಸ್ತಕದಾಗ ಬರೀತಾರ."

ಬೆಲ್ಟಿನ ಬಾಜು ಒಂದು ಎತ್ತರದ ಸ್ಟೂಲು ಇದೆ. ಎದುರುಮನೆಯಾಕೆ ಅದರ ಮೇಲೆ ಕೂತಳು. ನಾನು ಹಸನು ಮಾಡುವ ಮೇಜಿಗೆ ಹೋಗುತ್ತ ಮೊಮ್ಮಗಳ ಹತ್ತಿರ ನಿಂತು, "ನನಗೂ ಬರಿಯಾಕ ಬರತೈತಿ" ಎಂದೆ, ಮೆಲ್ಲಗೆ.

"ಗೊತ್ತೈತ್ರಿ. ನೀವು ಮೇಜಿಗೆ ಹೋಗ್ರಿ" ಎಂದಳು.

ರೀ ಹಚ್ಚಿ ಮಾತಾಡಿದಳು. ನನಗೆ. ಮನೆಯಲ್ಲಿ "ಆಯಿ, ನೀ ಸುಮ್ನ ಕುಂದ್ರ ಬೇ" ಎನ್ನುವವಳು. ಎಲ್ಲರ ಮುಂದೆ ತನ್ನವರು ಪರರು ಎಂದು ಮಾಡಬಾರದು ಎಂದು ಹಾಗೆ ಮಾತಾಡಿದಳೆಂದು ಈಗ ಅರ್ಥವಾಗುತ್ತದೆ. ಆಗ ಮಾತ್ರ ಬೇಳೆಯೊಳಗಿನ ಕಲ್ಲು ಆರಿಸುತ್ತ, ಆ ಸ್ಟೂಲನ್ನು ಕದ್ದು ಕದ್ದು ನೋಡುತ್ತ ಕೂತೆ.

ಮೊಮ್ಮಗಳು ಕೆಲಸ ಶುರುವಾಗುವ ಮೊದಲು ಮೂರು ಪ್ಲಾಸ್ಟಿಕ್ ಕಡ್ಡಿ ತೆಗೆದು, ಒಂದೊಂದನ್ನೇ ಪಾಕೀಟಿನ ಮೇಲಿಟ್ಟು ಮಷೀನಿನಲ್ಲಿ ಹಾಯಿಸಿ ನೋಡಿದಳು. ಒಂದರೊಳಗೆ ಕಬ್ಬಿಣದ ಗುಂಡು, ಇನ್ನೊಂದರಲ್ಲಿ ಹಿತ್ತಾಳೆಯದು, ಮೂರನೆಯದರಲ್ಲಿ ಸ್ಟೀಲಿನದು. ಸಾಸಿವೆಗಿಂತ ತುಸು ದೊಡ್ಡವು. ಮೂರಕ್ಕೂ ಗಂಟೆ ಹೊಡೆಯಿತು. ಪುಸ್ತಕದಲ್ಲಿ ಬರೆದಳು. ಒಂಬತ್ತಕ್ಕೊಮ್ಮೆ, ಹತ್ತಕ್ಕೊಮ್ಮೆ ಹಾಗೇ ಮಾಡಿದಳು. ಪ್ರತಿಸಲವೂ ಕಟ್ಟಿದ ಪೆಟ್ಟಿಗೆಯ ನಂಬರೂ ಬರೆದುಕೊಂಡಳು.

ಹತ್ತೂವರೆಗೆ ಚಹಾ ಬಂತು. ಆ ಹೊತ್ತಿಗೆ ಮೊಮ್ಮಗಳು ತೂಕದ ಕಾಟಾ ನೋಡಲು ಗೋದಾಮಿಗೆ ಹೋಗಿದ್ದಳು. ಎದುರುಮನೆಯಾಕೆ ಸ್ಟೂಲಿನಿಂದ ಇಳಿದು ಸೀದಾ ನನ್ನ ಹತ್ತಿರ ಬಂದಳು.

"ಅಕ್ಕಾ, ಎರಡ ನಿಮಿಷ ಅಲ್ಲಿ ಕುಂದ್ರತೀ ಏನು? ನಾ ಹೊರಗ ಹೋಗಿ ಬರತೇನಿ. ಮುಂಜಾನಿಂದ ತಡಕೊಂಡ ಕುಂತೀನಿ."

"ಲೀಡರನ ದೊಡ್ಡಾಯಿ ನೀನು. ನಮ್ಮಂಥಾವರಿಗೆ ಆ ಸ್ಟೂಲು ಒಪ್ಪತೈತೇನು?" ಎಂದೆ.

"ಒಪ್ಪಸಿಕೋ ಬೇ. ಗಂಟಿ ಆದ್ರ ಏನ್ ಮಾಡಬೇಕು ಗೊತ್ತೈತಲ್ಲ?"

"ನಂಗೇನ್ ಕಿವಿ ಇಲ್ಲೇನು?"

ಆಕೆ ನಕ್ಕು ಹೋದಳು. ನಾನು ಸ್ಟೂಲಿನ ಮೇಲೆ ಕೂತೆ. ಅಲ್ಲಿಂದ ಇಡೀ ಹಾಲ್ ಕಾಣುತ್ತದೆ. ನಾನೂ ಎಲ್ಲರಿಗೂ ಕಾಣುತ್ತೇನೆ. ಬೆನ್ನು ನೆಟ್ಟಗೆ ಮಾಡಿಕೊಂಡೆ. ಈಗ ಮೊಮ್ಮಗಳು ಬಂದು ನನ್ನನ್ನು ಇಲ್ಲಿ ನೋಡಲಿ ಎಂದು ಬಾಗಿಲ ಕಡೆಗೇ ನೋಡುತ್ತಿದ್ದೆ. ಆಗ ಗಂಟೆ ಹೊಡೆಯಿತು.

ಕಬ್ಬಿಣದ ಕೈ ಮುಂದೆ ಬಂದು ಒಂದು ಪಾಕೀಟನ್ನು ದಬ್ಬಿತು. ನಾನು ಅದನ್ನೆತ್ತಿ ಕೆಂಪು ಬುಟ್ಟಿಯಲ್ಲಿ ಇಟ್ಟೆ. ಎಷ್ಟು ಚಂದ ಕೆಲಸ ಆಯಿತು ಎನಿಸಿತು. ಬೆಲ್ಟ್ ನಿಲ್ಲಿಸಲಿಲ್ಲ, ಯಾರನ್ನೂ ಕರೆಯಲಿಲ್ಲ. ಪಾಕೀಟುಗಳು ಮುಂದೆ ಮುಂದೆ ಹೋದವು, ಪೆಟ್ಟಿಗೆ ಕಟ್ಟುವವರು ತುಂಬಿ ಅಂಟು ಪಟ್ಟಿ ಹಚ್ಚಿದರು. ಚಹಾದ ಗದ್ದಲದಲ್ಲಿ ಗಂಟೆ ಯಾರ ಲಕ್ಷ್ಯಕ್ಕೂ ಬರಲಿಲ್ಲ. ಎದುರುಮನೆಯಾಕೆ ತಿರುಗಿ ಬಂದು, ಬುಟ್ಟಿಯ ಕಡೆ ನೋಡದೆ ಸ್ಟೂಲು ಏರಿದಳು. ಗಂಟೆಯ ಮಾತು ಆಕೆಗೆ ಹೇಳದೆ ಮೇಜಿಗೆ ಮರಳಿದೆ. ಸರಿಯಾಗಿ ಮಾಡಿದ್ದೇನಲ್ಲ, ಆಕೆಗೇಕೆ ಲೆಕ್ಕ ಒಪ್ಪಿಸಲಿ?

ಹನ್ನೊಂದಕ್ಕೆ ಮೊಮ್ಮಗಳು ಕಡ್ಡಿ ಹಿಡಿದು ಬಂದಳು. ಹಿಂದೆ ಮ್ಯಾನೇಜರ್ ಸಾಹೇಬರೂ ಬಂದರು. ಮಷೀನಿನ ಮುಖದ ಮೇಲೆ ಎಷ್ಟು ಸಲ ಲೋಹ ಸಿಕ್ಕಿತು ಎಂಬ ಅಂಕಿ ಇರುತ್ತದಂತೆ, ನನಗೆ ಗೊತ್ತೇ ಇರಲಿಲ್ಲ. ಅವಳು ಅಂಕಿ ನೋಡಿದಳು, ಬುಟ್ಟಿ ನೋಡಿದಳು, ಪುಸ್ತಕ ನೋಡಿದಳು. ಕೂಡಲೇ ಕೆಂಪು ಗುಂಡಿ ಒತ್ತಿದಳು. ಬೆಲ್ಟ್ ನಿಂತಿತು.

"ದೊಡ್ಡಾಯಿ, ಹತ್ತರ ಮ್ಯಾಲ ಒಂದ್ಸಲ ಗಂಟಿ ಆಗೇತಿ. ಬುಟ್ಟ್ಯಾಗ ಒಂದ ಪಾಕೀಟ ಐತಿ. ಐದ ಇರಬೇಕಿತ್ತು. ಪುಸ್ತಕದಾಗ ಬರದಿಲ್ಲ."

ಎದುರುಮನೆಯಾಕೆ ಸ್ಟೂಲಿನಿಂದ ಇಳಿದಳು. "ನಾ ಇರೂ ತನಕ ಗಂಟಿ ಆಗಿಲ್ಲವಾ."

"ನಿಮ್ಮ ಜಾಗದಾಗ ಯಾರರೆ ಕುಂತಿದ್ರೇನು?"

ಆಕೆ ನನ್ನ ಕಡೆ ನೋಡಲಿಲ್ಲ. ನೆಲ ನೋಡಿದಳು. "ಬುಟ್ಟಿ ಜವಾಬ್ದಾರಿ ನಂದು" ಎಂದಳು ಅಷ್ಟೇ.

ಐದು ಎಂಬ ಮಾತು ಆಗ ನನ್ನ ತಲೆಗೆ ಹೋಯಿತು. ಮುಂಜಾನೆ ಕಿವಿಯ ಮೇಲೆ ಬಿದ್ದು ಜಾರಿದ್ದೆಲ್ಲ ಒಮ್ಮೆಲೇ ಒಳಗೆ ಇಳಿದ ಹಾಗಾಯಿತು. ನಾನು ಎತ್ತಿಟ್ಟದ್ದು ಚಲೋ ಪಾಕೀಟು. ಕೆಟ್ಟದ್ದು ಯಾವುದೋ ಪೆಟ್ಟಿಗೆಯೊಳಗೆ ಕೂತು ಲಾರಿಯ ದಾರಿ ಹಿಡಿದಿದೆ. ಯಾರದೋ ಮನೆಯ ಕುಕ್ಕರಿಗೆ, ಯಾವುದೋ ಕೂಸಿನ ತುತ್ತಿಗೆ.

ಇದನ್ನೂ ಬರೆಯಬೇಕು. ನಾನು ಕೂಡಲೇ ಬಾಯಿ ತೆರೆಯಲಿಲ್ಲ. ಸಾಹೇಬರು ಎದುರುಮನೆಯಾಕೆಯನ್ನು ದುರುಗುಟ್ಟಿ ನೋಡುತ್ತಿದ್ದರು. ಇನ್ನು ಆಕೆ ಆ ಸ್ಟೂಲಿಗೆ ಏರುವುದಿಲ್ಲ ಎಂದು ನನ್ನೊಳಗೆ ಯಾವುದೋ ಒಂದು ಮೂಲೆ ಖುಷಿಪಟ್ಟಿತು. ಸುಮ್ಮನಿದ್ದರೆ ಸಾಕಿತ್ತು. ಕೈಯಲ್ಲಿ ಹಿಡಿದ ಬೇಳೆ ಬೆವರಿಗೆ ಅಂಟಿಕೊಂಡಿತ್ತು.

ಸಾಹೇಬರು ಮೊಮ್ಮಗಳ ಕಡೆ ತಿರುಗಿದರು. "ಲಾರಿ ನಿಂತೈತಿ. ಗಂಟಿ ಯಾವಾಗ ಆತು ಗೊತ್ತಿಲ್ಲಂದ್ರ ಹೆಂಗವಾ? ಎಷ್ಟ ಪೆಟ್ಟಿಗಿ ಬಿಚ್ಚತೀ ನೀನು?"

ಮೊಮ್ಮಗಳು ಕೆಳತುಟಿ ಕಚ್ಚಿದಳು. ಸಣ್ಣವಳಿದ್ದಾಗ ಮಗ್ಗಿ ತಪ್ಪಿದರೆ ಹೀಗೇ ಕಚ್ಚುತ್ತಿದ್ದಳು. ಈ ಪಾಳಿ ಹೋದರೆ ಅವಳ ಹುದ್ದೆಯೂ ಹೋಗುತ್ತದೆ ಎಂಬುದು ನನಗೆ ಮುಂಜಾನೆಯಿಂದ ಮರೆತೇ ಹೋಗಿತ್ತು. ನೆನಪಿದ್ದದ್ದು ಸ್ಟೂಲು ಮಾತ್ರ.

"ನಾ ಕುಂತಿದ್ದೆ" ಎಂದೆ. ಮೇಜು ಬಿಟ್ಟು ಮುಂದೆ ಬಂದು ಮತ್ತೊಮ್ಮೆ ಹೇಳಿದೆ. "ನಾ ಕುಂತಿದ್ನಿರಿ ಸಾಹೇಬ್ರ. ಚಹಾ ಬಂದ ಹೊತ್ತಿನ್ಯಾಗ ಗಂಟಿ ಆತು. ಕೈ ದಬ್ಬಿದ್ದ ಅಷ್ಟ ತಗದೆ. ಬೆಲ್ಟ್ ನಿಂದ್ರಸಲಿಲ್ಲ."

ಮೊಮ್ಮಗಳು ನನ್ನನ್ನು ನೋಡಿದಳು. ಮುಂಜಾನೆಯಿಂದ ಮೊದಲ ಸಲ. "ಮೀಟಿಂಗಿನ್ಯಾಗ ಹೇಳಿದ್ದು ಕೇಳಿರಲಿಲ್ಲೇನ್ರಿ?"

"ಕೇಳಲಿಲ್ಲ."

"ಯಾಕ್ರಿ?"

ಏನು ಹೇಳಲಿ? ಆಕೆಯ ಟೊಪ್ಪಿಗೆಯ ಗಂಟು ನೋಡುತ್ತಿದ್ದೆ ಎನ್ನಲೇ? ಎದುರುಮನೆಯಾಕೆ ಮಾತ್ರ ಕೆಮ್ಮಿದಳು. ಆಕೆಗೆ ಗೊತ್ತಾಗಿತ್ತು.

ಮೊಮ್ಮಗಳು ನನ್ನನ್ನು ಬಯ್ಯುತ್ತ ನಿಲ್ಲಲಿಲ್ಲ. "ಲಾರಿಗೆ ಹೇರೂದು ನಿಂದ್ರಸ್ರಿ" ಎಂದಳು. "ಹತ್ತಕ್ಕ ಮಷೀನ್ ಸರಿ ಇತ್ತು, ಅಲ್ಲೀ ಮಟ ಗಂಟಿನೂ ಇರಲಿಲ್ಲ. ಹತ್ತರ ಮ್ಯಾಲ ಕಟ್ಟಿದ್ದು ಅಷ್ಟೂ ಈ ಕಡೆ ಬರಲಿ."

"ಚಹಾದ ಹೊತ್ತು ಅಂತ ನಿಮ್ಮಾಯಿ ಹೇಳತಾರಲ್ಲ. ಆಗಿನ ಎರಡ ಮೂರ ಪೆಟ್ಟಿಗಿ ನೋಡಿದ್ರ ಸಾಕಲ್ಲ?" ಎಂದರು ಸಾಹೇಬರು.

"ಇಲ್ರಿ ಸಾಹೇಬ್ರ. ಅವರು ಹೊತ್ತು ಬರದಿಟ್ಟಿಲ್ಲ. ಬರೀ ನೆನಪಿನ ಮ್ಯಾಲ ಮಾಲು ಬಿಡಾಕ ಬರೂದಿಲ್ಲ."

ನನಗೆ ಚುರ್ ಎಂದಿತು. ಆದರೆ ಅವಳು ಹೇಳಿದ್ದು ಸರಿ. ಮೊದಲು ಆ ಮೂರು ಕಡ್ಡಿಗಳನ್ನು ಹಾಯಿಸಿ, ಮಷೀನ್ ಈಗಲೂ ಹಿಡಿಯುತ್ತಿದೆ ಎಂದು ನೋಡಿಕೊಂಡಳು. ನಂಬರ್ ಪ್ರಕಾರ ಇಪ್ಪತ್ತೆಂಟು ಪೆಟ್ಟಿಗೆ. ಒಂದೊಂದರಲ್ಲಿ ಇಪ್ಪತ್ತು ಪಾಕೀಟು. ಎಲ್ಲರೂ ಸೇರಿ ಬಿಚ್ಚಿದೆವು. ಎದುರುಮನೆಯಾಕೆ ಮತ್ತು ನಾನು ಎದುರುಬದುರು ನಿಂತು ಒಂದೊಂದೇ ಪಾಕೀಟನ್ನು ನಡುವೆ ಜಾಗ ಬಿಟ್ಟು ಬೆಲ್ಟಿನ ಮೇಲೆ ಇಡುತ್ತಿದ್ದೆವು. ಆಕೆ ಒಂದು, ನಾನೊಂದು.

"ಕಿವಿ ಐತಿ ಅಂದಿದ್ದೀ" ಎಂದಳು ಆಕೆ ಪಿಸುಮಾತಿನಲ್ಲಿ.

"ಐತಿ. ನೀ ಹುಬ್ಬು ಹಾರಸಿದ್ದು ಕಣ್ಣಿಗೆ ಬಿತ್ತು, ಕಿವಿ ಬಂದ್ ಆತು."

"ನಾ ಯಾವಾಗ ಹಾರಿಸಿದೆ?"

"ಪಾಕೀಟ ಇಡು ಸುಮ್ನ."

ಮುಂದಿನ ಪೆಟ್ಟಿಗೆ ಬಿಚ್ಚುತ್ತ ಕೇಳಿದೆ, "ನನ್ನ ಹೆಸರ ಯಾಕ ಹೇಳಲಿಲ್ಲ ನೀನು?"

"ಆ ಹುಡಿಗಿ ಮೊದಲನೇ ದಿನ ತಮ್ಮಾಯಿ ಹೆಸರ ಬರಕೋಬೇಕೇನು? ನನ್ನ ಹೆಸರ ಬರದ್ರ ಏನಾಗತಿತ್ತು" ಎಂದಳು.

ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಒಳ್ಳೆಯತನದಲ್ಲಾದರೂ ನನ್ನನ್ನು ಮುಂದೆ ಬಿಡಬಾರದೇ ಈಕೆ ಎನಿಸಿತು.

ಹತ್ತೊಂಬತ್ತನೆಯ ಪೆಟ್ಟಿಗೆ ನಡೆದಾಗ ಗಂಟೆ ಹೊಡೆಯಿತು. ಈ ಸಲ ಕೆಂಪು ಗುಂಡಿಗೆ ಮೊದಲು ತಾಗಿದ್ದು ನನ್ನ ಕೈ. ಐದು ಪಾಕೀಟು ಎಣಿಸಿ ಬುಟ್ಟಿಯಲ್ಲಿ ಇಟ್ಟು, "ಲೀಡರ್, ಬರ್ರಿ" ಎಂದು ಕರೆದೆ. ನಾಲ್ಕಾರು ಮಂದಿ ಕಿಸಕ್ಕೆಂದರು. ಅವಳು ನಗಲಿಲ್ಲ. ಐದನ್ನೂ ಒಂದೊಂದಾಗಿ ಹಾಯಿಸಿದಳು. ಒಂದಕ್ಕೆ ಗಂಟೆಯಾಯಿತು. ಅದನ್ನು ಕತ್ತರಿಸಿ ಬಿಳಿ ತಟ್ಟೆಯಲ್ಲಿ ಹರವಿದಳು. ಹಳದಿ ಬೇಳೆಯ ನಡುವೆ ಉಗುರಿನಷ್ಟು ಉದ್ದದ ತೆಳು ತಂತಿ.

ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಜರಡಿ ತಂತಿ" ಎಂದಳು. ಬೇಳೆ ಸೋಸಿ ಕೆಳಗಿಳಿಸುವ ಮೇಲಿನ ಅಟ್ಟಕ್ಕೆ ಹೋಗಿ ಜರಡಿ ತೆಗೆಸಿ ನೋಡಿದರೆ ಅಂಚಿನಲ್ಲಿ ಒಂದು ಎಳೆ ಹರಿದಿತ್ತು. ಮುರಿದ ತುಂಡು ಅಲ್ಲಿ ಇಟ್ಟರೆ ಸರಿಯಾಗಿ ಕೂಡಿತು. ಜರಡಿ ಬದಲಾಯಿಸಿದರು. ಹರಿದ ಜರಡಿಯಿಂದ ಇಳಿದಿದ್ದ ಬಿಡಿ ಬೇಳೆಯನ್ನೆಲ್ಲ ಬೇರೆ ಇಡಿಸಿದಳು. ಉಳಿದ ಪೆಟ್ಟಿಗೆಗಳನ್ನೂ ಪೂರಾ ಹಾಯಿಸಿದೆವು. ಸಿಕ್ಕಿತಲ್ಲ, ಇನ್ನು ಸಾಕು ಎಂದು ಅವಳು ಬಿಡಲಿಲ್ಲ. ಮತ್ತೇನೂ ಸಿಗಲಿಲ್ಲ. ಕೊನೆಗೆ ಮತ್ತೊಮ್ಮೆ ಮೂರು ಕಡ್ಡಿ ಹಾಯಿಸಿದಳು.

ಲಾರಿ ಹೊರಟದ್ದು ಎರಡೂವರೆಗೆ. ಸಾಹೇಬರು ಎಲ್ಲರನ್ನೂ ಹಲಗೆಯ ಮುಂದೆ ಕರೆದರು. ಹೋಯಿತು, ನನ್ನ ಕೈಯಿಂದಲೇ ಹೋಯಿತು ಎಂದುಕೊಂಡೆ.

"ತಡ ಆತು" ಎಂದರು ಸಾಹೇಬರು. "ತಡ ಆದದ್ದಕ್ಕ ನಾನು ಫೋನ್ ಮಾಡಿ ಹೇಳೇನಿ. ತಂತಿ ಹ್ವಾದ್ರ ಏನಂತ ಹೇಳತಿದ್ದೆ? ಸ್ವಂತ ಆಯಿ ಇದ್ರೂ ನೆನಪಿನ ಮ್ಯಾಲ ಮಾಲು ಬಿಡಲಿಲ್ಲ ಈ ಹುಡಿಗಿ. ನನಗ ಇಂಥಾಕಿನ ಬೇಕಾಗಿತ್ತು. ನಾಳಿಂದ ಮುಂಜಾನಿ ಪಾಳಿ ಖಾಯಂ ಇಕೀದ."

ನಾನು ಅತ್ತೆ. ಎದುರುಮನೆಯಾಕೆಯೂ ಅತ್ತಳು, ನನಗಿಂತ ಜೋರಾಗಿ.

ಮೊಮ್ಮಗಳು ಪುಸ್ತಕದಲ್ಲಿ ನಡೆದದ್ದನ್ನೆಲ್ಲ ಬರೆದಳು. ನನ್ನ ಹೆಸರೂ ಬರೆದಳು, ಸಹಿ ಹಾಕಿಸಿಕೊಂಡಳು. ಆಮೇಲೆ ಅಂದಳು, "ಇನ್ನ ಮ್ಯಾಲ ಜಾಗ ಬದಲಿ ಮಾಡೂದಿದ್ರ ನನಗ ಹೇಳಿ ಮಾಡ್ರಿ, ಇಬ್ರಿಗೂ ಹೇಳತೇನಿ. ಜಾಗ ಬದಲಾದ್ರ ಏನ್ ಮಾಡಬೇಕು ಅಂತ ನಾನೂ ಮೀಟಿಂಗಿನ್ಯಾಗ ಹೇಳಬೇಕಿತ್ತು, ಅದು ನನ್ನ ತಪ್ಪು. ಮತ್ತ ಆಯಿ, ನಾಳಿಂದ ಮೀಟಿಂಗಿನ್ಯಾಗ ನೀವು ಮುಂದಿನ ಸಾಲಿನ್ಯಾಗ ನಿಂದ್ರಬೇಕು. ನಾ ಹೇಳಿದ್ದು ನೀವು ತಿರುಗಿ ಹೇಳಬೇಕು."

ಅದು ಶಿಕ್ಷೆಯಂತೆ. ನನಗೆ ಮಾತ್ರ ಶಾಲು ಹೊದಿಸಿದ ಹಾಗಾಯಿತು. ಮುಂದಿನ ಸಾಲು. ಎದುರುಮನೆಯಾಕೆಯನ್ನು ನೋಡಿ ಹುಬ್ಬು ಹಾರಿಸಿದೆ.

ಸಂಜೆ ಸೊಸೆ ಗೋಧಿ ಹುಗ್ಗಿ ಮಾಡಿದಳು, ನಾನು ಬದನೆಕಾಯಿ ಎಣ್ಣೆಗಾಯಿ ಮಾಡಿದೆ. ಮಗ ಹೊಲದಿಂದ ಬೇಗ ಬಂದ. ನಮ್ಮ ಯಜಮಾನರು ಮೂರು ಸಲ ಕೇಳಿದರು, ಸಾಹೇಬರು ಏನಂದರು ಎಂದು. ನಾನು ಮೂರು ಸಲವೂ ಪೂರಾ ಹೇಳಿದೆ, ಸ್ಟೂಲಿನ ಭಾಗ ಬಿಟ್ಟು. ಅದನ್ನು ಮೊಮ್ಮಗಳು ಹೇಳಿದಳು. ಯಜಮಾನರು ನಕ್ಕು ನಕ್ಕು ಕೆಮ್ಮಿದರು.

ತಾಟು ಹಾಕುವಾಗ ನಾನೇ ಹೊರಗೆ ಹೋಗಿ ಎದುರಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದವಳನ್ನು, "ಬಾ ಬೇ, ಉಣ್ಣಾಕ" ಎಂದು ಕರೆದೆ. ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡೇ ಬಂದಳು, ಕರೆಯುತ್ತೇನೆಂದು ಗೊತ್ತಿದ್ದ ಹಾಗೆ. ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತೆವು. ಮೊಮ್ಮಗಳು ನನ್ನ ಮತ್ತು ಆಕೆಯ ನಡುವೆ ಕೂತಳು, ರೊಟ್ಟಿ ಮುರಿದಳು, ಮೊದಲ ತುತ್ತನ್ನು ಚಟ್ನಿಗೆ ಒತ್ತಿದಳು.

"ದೊಡ್ಡಾಯಿ, ಚಟ್ನಿ ಅಗದಿ ಭಾರಿ ಆಗೇತಿ" ಎಂದಳು.

ನಾನು ಎಣ್ಣೆಗಾಯಿಯ ಪಾತ್ರೆಯನ್ನು ಅವಳ ತಾಟಿನ ಹತ್ತಿರಕ್ಕೆ ಸರಿಸಿ, ದೊಡ್ಡದೊಂದು ಬದನೆಕಾಯಿ ಆರಿಸಿ ಹಾಕಿದೆ. ಅವಳು ತಿಂದು ನನ್ನ ಮುಖ ನೋಡುವ ತನಕ ನಾನು ತುತ್ತು ಎತ್ತಲಿಲ್ಲ.

"ನೀ ಉಣ್ಣ ಬೇ ಆಯಿ, ಆರಿ ಹೋಗತೈತಿ" ಎಂದಳು. ರೀ ಇರಲಿಲ್ಲ. ಆಮೇಲೆ ನಾನು ಉಂಡೆ.